ಸ್ಕ್ಯಾನಿಂಗ್‌ನಲ್ಲಿ ಕಾಣುವ ಲಿವರ್ ಸಿರೋಸಿಸ್

ಐವತ್ತೈದು ದಾಟಿದ, ಕುಡಿತದ ಅಭ್ಯಾಸವಿಲ್ಲದ ಸಕ್ಕರೆ ಕಾಯಿಲೆಯವರೊಬ್ಬರು ಎಂದಿಟ್ಟುಕೊಳ್ಳಿ. ಕೈಕಾಲು ಸಣಕಲಾಗಿವೆ, ಪಂಚೆ ಮಾತ್ರ ಸೊಂಟಕ್ಕೆ ಸಾಲುತ್ತಿಲ್ಲ. ಜೆಲ್ ಹಚ್ಚಿ ಪ್ರೋಬ್ ಇಟ್ಟೊಡನೆ ಲಿವರ್ ಮತ್ತು ಬಲ ಮೂತ್ರಪಿಂಡದ ನಡುವೆ ಕಪ್ಪು ಪಟ್ಟಿಯೊಂದು ಕಾಣುತ್ತದೆ. ಅದು ನೀರು, ಜಲೋದರ.

ಆರೋಗ್ಯವಂತ ಲಿವರ್ ತೆರೆಯ ಮೇಲೆ ನುಣುಪಾದ ಬೂದು ಬಣ್ಣದ್ದು. ಇವರದು ತರಿತರಿ, ಚಿರೋಟಿ ರವೆಯ ಜಾಗದಲ್ಲಿ ಇಡ್ಲಿ ರವೆ ಹರಡಿದಂತೆ. ವರ್ಷಗಟ್ಟಲೆ ಕೊಬ್ಬು ತುಂಬಿ ಸತ್ತ ಜೀವಕೋಶಗಳ ಜಾಗವನ್ನು ನಾರು ಹಿಡಿದಿದೆ. ಉಳಿದವು ನಡುನಡುವೆ ಗಂಟುಗಂಟಾಗಿ ಬೆಳೆದಿವೆ. ಆ ಗಂಟುಗಳೇ ಅಂಚನ್ನು ಉಬ್ಬುತಗ್ಗು ಮಾಡುತ್ತವೆ. ವಿಚಿತ್ರವೆಂದರೆ, ಸುತ್ತ ನೀರಿದ್ದರೆ ಈ ಅಂಚು ಇನ್ನೂ ಸ್ಪಷ್ಟ.

ಇನ್ನು ಎಡಕ್ಕೆ, ಗುಲ್ಮದತ್ತ. ಸಾಮಾನ್ಯವಾಗಿ ಸುಮಾರು 12 ಸೆಂ.ಮೀ. ಒಳಗಿರಬೇಕಾದದ್ದು 16 ಆಗಿದೆ. ಕರುಳಿನಿಂದ ಬರುವ ರಕ್ತಕ್ಕೆ ಗಟ್ಟಿಯಾದ ಲಿವರ್ ದಾರಿ ಬಿಡದಿದ್ದಾಗ ಒತ್ತಡ ಹಿಂದಕ್ಕೆ ತಿರುಗಿ ಗುಲ್ಮವನ್ನು ಉಬ್ಬಿಸುತ್ತದೆ. ಪ್ಲೇಟ್‌ಲೆಟ್‌ಗಳು ಅಲ್ಲೇ ಸಿಕ್ಕಿಬಿದ್ದು ರಕ್ತದಲ್ಲಿ ಕಡಿಮೆಯಾಗುತ್ತವೆ. ಅದೇ ಒತ್ತಡ ಅನ್ನನಾಳದ ರಕ್ತನಾಳಗಳನ್ನೂ ಹಿಗ್ಗಿಸುತ್ತದೆ. ಅವು ಒಡೆದರೆ ರಕ್ತವಾಂತಿ, ಹಾಗಾಗಿ ಎಂಡೋಸ್ಕೋಪಿ.

ಬಿಡಿಬಿಡಿಯಾಗಿ ಈ ಯಾವ ಚಿಹ್ನೆಯೂ ಸಾಕಾಗದು. ಮಲೇರಿಯಾದಲ್ಲೂ ಗುಲ್ಮ ದೊಡ್ಡದಾಗುತ್ತದೆ, ಕ್ಷಯದಲ್ಲೂ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಆದ್ದರಿಂದ ಸೂಜಿಯಿಂದ ಸ್ವಲ್ಪ ನೀರು ತೆಗೆದು ಪರೀಕ್ಷಿಸುತ್ತಾರೆ. ಆರಂಭದ ಸಿರೋಸಿಸ್ ಸ್ಕ್ಯಾನಿಂಗ್‌ನಲ್ಲಿ ಕಾಣದೆಯೂ ಇರಬಹುದು. ಅಂಥಲ್ಲಿ ಲಿವರ್‌ನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ನೆರವಿಗೆ ಬರುತ್ತದೆ.

ಸಿರೋಸಿಸ್ ಖಚಿತವಾದವರು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬಾರದು. ಆ ಗಂಟುಗಳ ನಡುವೆ ಕ್ಯಾನ್ಸರ್ ಗಡ್ಡೆ ಹುಟ್ಟಿದರೆ, ಚಿಕ್ಕದಿರುವಾಗಲೇ ಹಿಡಿಯಲು ಇರುವ ದಾರಿ ಅದೇ.