ನಿಂತ ಗಡಿಯಾರಕ್ಕೆ ಒಂದು ಕಾಗದ

ಮೊಮ್ಮಗಳ ಹುಟ್ಟುಹಬ್ಬಕ್ಕೆ ಕೈಗಡಿಯಾರ ಕೊಡಿಸಿದ್ದೆ. ಅದಕ್ಕೆ ಒಂದು ವರ್ಷದ ವಾರಂಟಿ ಇತ್ತು. ಹನ್ನೊಂದು ತಿಂಗಳು ಚೆನ್ನಾಗಿಯೇ ನಡೆದು, ಒಂದು ಬೆಳಿಗ್ಗೆ ನಿಂತುಬಿಟ್ಟಿತು.

"ತಾತ, ನಾನೇನೂ ಮಾಡಿಲ್ಲ" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಪಕ್ಕದ ಗುಂಡಿ ಹೊರಗೆ ಬಂದಿದ್ದರೂ ಗಡಿಯಾರ ನಿಲ್ಲುತ್ತದೆ. ಒತ್ತಿ ನೋಡಿದೆ, ಅದು ಸರಿಯಾಗಿಯೇ ಕೂತಿತ್ತು. ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ಹೊಸ ಸೆಲ್ ಹಾಕಿದರೂ ಮುಳ್ಳು ಅಲುಗಲಿಲ್ಲ. ಸೆಲ್, ಪಟ್ಟಿ, ಒಡೆದ ಗಾಜು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ. ಇಲ್ಲಿ ಕೆಟ್ಟದ್ದು ಒಳಗಿನ ಯಂತ್ರ, ಅದು ಸೇರುತ್ತದೆ. "ಯಜಮಾನರು ಊರಲ್ಲಿಲ್ಲ, ಮುಂದಿನ ತಿಂಗಳು ಬನ್ನಿ" ಎಂದ.

ಮನೆಗೆ ಬಂದು ಬಿಲ್ಲು ತೆಗೆದು ನೋಡಿದೆ. ಕೊಂಡದ್ದು 2024ರ ಜೂನ್ 12. ಅಂದರೆ ವಾರಂಟಿ 2025ರ ಜೂನ್ 11ಕ್ಕೆ ಮುಗಿಯುತ್ತದೆ. ಮುಂದಿನ ತಿಂಗಳು ತಡವಾಗಿ ಹೋದರೆ, "ಅವಧಿ ಮುಗಿದ ಮೇಲೆ ತಂದಿದ್ದೀರಿ" ಎನ್ನಬಹುದು. ಬಾಯಿಮಾತಿಗೆ ತಾರೀಖು ಇರುವುದಿಲ್ಲ, ಕಾಗದಕ್ಕೆ ಇರುತ್ತದೆ. ನಾನು ಹೇಳಿದೆ, ಅವಳು ಬರೆದಳು:

*ದಿನಾಂಕ: 22-5-2025*

*ಮಾನ್ಯರೇ,*

*ವಿಷಯ: ವಾರಂಟಿ ಅವಧಿಯಲ್ಲಿ ನಿಂತ ಕೈಗಡಿಯಾರ*

*ದಿನಾಂಕ 12-6-2024ರಂದು ನಿಮ್ಮ ಅಂಗಡಿಯಲ್ಲಿ ಬಿಲ್ ಸಂಖ್ಯೆ 1847ರಂತೆ ರೂ. 2,450 ಕೊಟ್ಟು ಕೈಗಡಿಯಾರ ಕೊಂಡಿದ್ದೇವೆ. ಅದು 20-5-2025ರಂದು ನಿಂತಿದೆ. ಈ ದಿನ ನಿಮ್ಮಲ್ಲಿ ಹೊಸ ಸೆಲ್ ಹಾಕಿದರೂ ನಡೆಯಲಿಲ್ಲ. ಅದು ಬಿದ್ದಿಲ್ಲ, ನೀರಿಗೂ ಸಿಕ್ಕಿಲ್ಲ. ವಾರಂಟಿಯಂತೆ ಉಚಿತವಾಗಿ ಸರಿಪಡಿಸಿ, ಆಗದಿದ್ದರೆ ಬದಲಾಯಿಸಿ ಕೊಡಬೇಕೆಂದು ಕೋರುತ್ತೇನೆ.*

*ಲಗತ್ತು: ಬಿಲ್ಲು ಮತ್ತು ವಾರಂಟಿ ಕಾರ್ಡಿನ ಜೆರಾಕ್ಸ್ ಪ್ರತಿ*

ಗಡಿಯಾರದ ಬೆನ್ನ ಮೇಲಿದ್ದ ಸಂಖ್ಯೆಯನ್ನೂ ಸೇರಿಸಿದೆವು, ಇದೇ ಗಡಿಯಾರ ಎಂಬುದಕ್ಕೆ ಅದೇ ಗುರುತು. "ಎಷ್ಟು ಬೇಸರವಾಯಿತು ಅಂತ ಬರೆಯೋದು ಬೇಡವಾ?" ಎಂದು ಕೇಳಿದಳು. "ಬೇಡ ಪುಟ್ಟಿ, ತಾರೀಖುಗಳೇ ಸಾಕು" ಎಂದೆ.

ಮೂಲ ಬಿಲ್ಲನ್ನು ಕೊಡಲಿಲ್ಲ, ತೋರಿಸಿ ವಾಪಸು ತಂದೆವು. ನುಣುಪು ಕಾಗದದ ಬಿಲ್ಲಿನ ಅಕ್ಷರ ಬಿಸಿಲು, ಸೆಕೆಗೆ ಮಾಸುತ್ತದೆ. ನಮ್ಮದೂ ಅರ್ಧ ಮಾಸಿತ್ತು. ಹಾಗಾಗಿ ಕೊಂಡ ದಿನವೇ ಜೆರಾಕ್ಸ್ ಮಾಡಿಸಿಡುವುದು ಕ್ಷೇಮ. ಕಾಗದವನ್ನು ಎರಡು ಪ್ರತಿ ಮಾಡಿ, ಒಂದನ್ನು ಅಂಗಡಿಗೆ ಕೊಟ್ಟು, ಇನ್ನೊಂದರ ಮೇಲೆ ಸಹಿ, ಮೊಹರು, ತಾರೀಖು ಹಾಕಿಸಿಕೊಂಡೆವು. ಅವರು ಒಪ್ಪದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡಬಹುದಿತ್ತು. ಆ ಪ್ರಮೇಯ ಬರಲಿಲ್ಲ.

ಜುಲೈ 5ಕ್ಕೆ ಗಡಿಯಾರ ಹೊಸ ಯಂತ್ರದೊಂದಿಗೆ ಬಂತು. ಯಜಮಾನರು ಬಿಲ್ಲು ನೋಡಿ, "ವಾರಂಟಿ ಮುಗಿದಿದೆಯಲ್ಲ?" ಎಂದರು. ಮೊಮ್ಮಗಳು ಮೊಹರಿದ್ದ ಪ್ರತಿಯನ್ನು ಅವರ ಮುಂದಿಟ್ಟಳು. ಒಂದು ರೂಪಾಯಿಯನ್ನೂ ಕೇಳದೆ ಗಡಿಯಾರ ಕೊಟ್ಟರು.