ವಿಡಿಯೊ ಕರೆಯ ಹಿನ್ನೆಲೆಗೆ ನಿಮ್ಮದೇ ಫೋಟೊ

ಹಂಪಿಯ ಕಲ್ಲಿನ ರಥದ ಮುಂದೆ ಕುಳಿತಂತೆ ವಿಡಿಯೊ ಕರೆಯಲ್ಲಿ ಕಾಣಿಸಿಕೊಳ್ಳಬೇಕು, ಮೇಲೊಂದು ಮೂಲೆಯಲ್ಲಿ ‘ಕನ್ನಡ ಸಂಘ’ ಎಂದು ಬರೆದಿರಬೇಕು ಎಂದುಕೊಳ್ಳಿ. ಫೋಟೊವನ್ನು ಝೂಮ್‌ಗೆ ಹಾಕಿದ ಕೂಡಲೇ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವೆ. ಆಗ ಹಲವರು ಫೋಟೊವನ್ನೇ ತಿರುಗಿಸಿಬಿಡುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ.

ನಿಮ್ಮ ಪರದೆಯಲ್ಲಿ ನಿಮಗೆ ಕಾಣುವುದು ಕನ್ನಡಿಯ ಬಿಂಬ. ಬಲಗೈ ಎತ್ತಿದರೆ ಪರದೆಯ ಬಲಭಾಗದಲ್ಲೇ ಕೈ ಏಳಲಿ ಎಂದು ಮಾಡಿದ ಅನುಕೂಲವದು. ಎದುರಿನವರಿಗೆ ಹೋಗುವ ಚಿತ್ರ ನೇರವಾಗಿಯೇ ಇರುತ್ತದೆ. ನೀವು ಫೋಟೊ ತಿರುಗಿಸಿದರೆ ನಿಮಗೆ ಸರಿ ಕಂಡೀತು, ಉಳಿದವರಿಗೆಲ್ಲ ಉಲ್ಟಾ. ಝೂಮ್‌ನ ವಿಡಿಯೊ ಸೆಟ್ಟಿಂಗ್‌ನಲ್ಲಿ Mirror my video ಎಂಬುದರ ಗುರುತು ತೆಗೆದರೆ ನಿಮಗೂ ನೇರವಾಗಿ ಕಾಣುತ್ತದೆ.

ಇನ್ನು ಅಳತೆ. ಹಿನ್ನೆಲೆಗೆ 1920 × 1080 ಪಿಕ್ಸೆಲ್ ಇದ್ದರೆ ಸಾಕು. ಅಗಲ 16 ಪಾಲಿದ್ದರೆ ಎತ್ತರ 9 ಪಾಲು. ಫೋನನ್ನು ಅಡ್ಡ ಹಿಡಿದು ತೆಗೆದ ಫೋಟೊ ಸಾಮಾನ್ಯವಾಗಿ 4000 × 3000 ಇರುತ್ತದೆ. ಅದನ್ನು ಎಳೆದು ಹೊಂದಿಸಿದರೆ ರಥ ಅಡ್ಡಡ್ಡಲಾಗಿ ಉಬ್ಬುತ್ತದೆ. ಹಾಗಾಗಿ ಮೊದಲು ಕತ್ತರಿಸಬೇಕು, ಆಮೇಲೆ ಕುಗ್ಗಿಸಬೇಕು.

ರಥ ಫೋಟೊದ ನಟ್ಟನಡುವೆ ಇದ್ದರೆ ನಿಮ್ಮ ತಲೆ, ಹೆಗಲ ಹಿಂದೆ ಮರೆಯಾಗುತ್ತದೆ. ಅದನ್ನು ಪಕ್ಕಕ್ಕೆ ತರಲು ಎಡಗಡೆಯ 1280 ಪಿಕ್ಸೆಲ್ ಬಿಟ್ಟು, ಉಳಿದ 2720 ಪಿಕ್ಸೆಲ್ ಅಗಲಕ್ಕೆ 1530 ಎತ್ತರದಷ್ಟು ಕತ್ತರಿಸಿ. ಅದನ್ನು 1920 × 1080ಕ್ಕೆ ಕುಗ್ಗಿಸಿದಾಗ ರಥದ ನಡುಭಾಗ ಎಡ ಅಂಚಿನಿಂದ ಸುಮಾರು 510 ಪಿಕ್ಸೆಲ್ ದೂರದಲ್ಲಿ ನಿಲ್ಲುತ್ತದೆ. ರಥ ಫೋಟೊದಲ್ಲಿ ತೀರಾ ದೊಡ್ಡದಾಗಿದ್ದರೆ ಈ ಉಪಾಯ ನಡೆಯದು. ದೂರದಿಂದ ತೆಗೆದ ಫೋಟೊವನ್ನೇ ಆರಿಸಿಕೊಳ್ಳಬೇಕು.

ಅಕ್ಷರಗಳಿಗೆ ಮೇಲಿನ ಮೂಲೆಯೇ ಒಳ್ಳೆಯ ಜಾಗ. ಕೆಳಗಿನ ಎಡಮೂಲೆಯಲ್ಲಿ ನಿಮ್ಮ ಹೆಸರಿನ ಪಟ್ಟಿ ಬಂದು ಕೂರುತ್ತದೆ. ಅಂಚಿಗೆ ಅಂಟಿಸಿಯೂ ಬರೆಯಬೇಡಿ, ಕೆಲವು ಪರದೆಗಳಲ್ಲಿ ಅಂಚು ಕತ್ತರಿಸಿಹೋಗುತ್ತದೆ. ಪಕ್ಕದಿಂದ ಸುಮಾರು 190, ಮೇಲಿನಿಂದ 110 ಪಿಕ್ಸೆಲ್ ಬಿಟ್ಟರೆ ಹೆಚ್ಚಿನ ಕಡೆ ಉಳಿಯುತ್ತದೆ. ಆದರೆ ನೆಟ್ಟಗೆ ಹಿಡಿದ ಫೋನಿನಲ್ಲಿ ನೋಡುವವರಿಗೆ ಎರಡೂ ಪಕ್ಕ ಇನ್ನೂ ಹೆಚ್ಚು ಹೋಗಬಹುದು.

ಅಕ್ಷರ ದೊಡ್ಡದಾಗಿರಲಿ. ನೆಟ್‌ವರ್ಕ್ ಸಾಲದಾಗ ಆ್ಯಪ್ ವಿಡಿಯೊದ ಗುಣಮಟ್ಟ ಇಳಿಸುತ್ತದೆ. 1080 ಸಾಲಿನ ಚಿತ್ರ 360 ಸಾಲಿಗೆ ಇಳಿದರೆ 60 ಪಿಕ್ಸೆಲ್ ಎತ್ತರದ ಅಕ್ಷರಕ್ಕೆ ಸಿಗುವುದು 20 ಮಾತ್ರ. ಮೊದಲು ಕಲಸಿಹೋಗುವುದು ಒತ್ತಕ್ಷರಗಳೇ.

ಕೊನೆಗೆ, ಅದೇ ಮೀಟಿಂಗ್‌ಗೆ ಫೋನಿನಿಂದಲೂ ಸೇರಿ, ಅಲ್ಲಿ ಬರುವ ನಿಮ್ಮ ಲ್ಯಾಪ್‌ಟಾಪ್ ವಿಡಿಯೊ ನೋಡಿ. ಫೋನನ್ನು ಮ್ಯೂಟ್ ಮಾಡಿ, ಅದರ ಧ್ವನಿ ಪೂರ್ತಿ ತಗ್ಗಿಸಿಡಿ, ಇಲ್ಲದಿದ್ದರೆ ಸದ್ದು ಮರುಕಳಿಸುತ್ತದೆ. ಅಲ್ಲಿಯೂ ಅಕ್ಷರ ಉಲ್ಟಾ ಕಂಡರೆ ಫೋಟೊವೇ ತಿರುಗಿದೆ ಎಂದರ್ಥ.