ಪುಸ್ತಕ ಧಾರವಾಡದಲ್ಲಿ, ಒಡೆತನ ಬೆಂಗಳೂರಿನಲ್ಲಿ

ಬೆಂಗಳೂರಿನ ಪ್ರಕಾಶಕರೊಬ್ಬರು ಹೊಸ ಕಾದಂಬರಿಯ 100 ಪ್ರತಿಗಳನ್ನು ಮಾರ್ಚ್ ಮೊದಲ ವಾರ ಧಾರವಾಡದ ಅಂಗಡಿಗೆ ಕಳಿಸಿದರು ಎಂದಿಟ್ಟುಕೊಳ್ಳಿ. ಮುಖಬೆಲೆ 300 ರೂಪಾಯಿ, ಮುದ್ರಣಕ್ಕೆ ತಗುಲಿದ್ದು ಪ್ರತಿಗೆ 120. ಮಾರಾಟವಾದ ಪ್ರತಿಯೊಂದಕ್ಕೆ ಅಂಗಡಿಗೆ 90 ರೂಪಾಯಿ ಕಮಿಷನ್, ಮಾರದೆ ಉಳಿದದ್ದು ವಾಪಸ್. ಪುಸ್ತಕ ವ್ಯಾಪಾರದಲ್ಲಿ ಹಳೆಯ ಕಾಲದಿಂದಲೂ ಇರುವ ಈ ಪದ್ಧತಿಯೇ ಕನ್ಸೈನ್‌ಮೆಂಟ್.

ಕಟ್ಟು ಲಾರಿ ಹತ್ತಿದ ದಿನ ಪ್ರಕಾಶಕರಿಗೆ ಮಾರಾಟವಾಯಿತೇ? ಇಲ್ಲ. ಪುಸ್ತಕ ಇರುವ ಜಾಗ ಬದಲಾಯಿತು, ಒಡೆಯ ಬದಲಾಗಲಿಲ್ಲ. ಖರೀದಿ, ದಾಸ್ತಾನು, ಮಾರಾಟ, ಲೆಕ್ಕಪತ್ರಗಳನ್ನು ಒಂದೇ ಕಡೆ ನಿಭಾಯಿಸುವ ಇಆರ್‌ಪಿ ತಂತ್ರಾಂಶಕ್ಕೆ ಈ ವ್ಯತ್ಯಾಸ ಗೊತ್ತಿರಬೇಕು. ಎಸ್‌ಎಪಿಯಲ್ಲಿ ಇದಕ್ಕೆಂದೇ ಎರಡು ಬೇರೆ ಆರ್ಡರ್‌ಗಳಿವೆ. ಮೊದಲನೆಯದು KB. ಇದರಲ್ಲಿ ಸರಕು ಅಂಗಡಿಯ ಹೆಸರಿನ ವಿಶೇಷ ದಾಸ್ತಾನಿಗೆ ಹೋಗುತ್ತದೆ. ಆ ದಾಸ್ತಾನಿನ ಗುರುತು W. ಬಿಲ್ ಆಗುವುದಿಲ್ಲ, 12,000 ರೂಪಾಯಿ ಮೌಲ್ಯ ಪ್ರಕಾಶಕರ ಆಸ್ತಿಯಾಗಿಯೇ ಉಳಿಯುತ್ತದೆ. ಎರಡನೆಯದು KE. ಅಂಗಡಿ ಮಾರಾಟದ ಪಟ್ಟಿ ಕಳಿಸಿದಾಗ ಇದನ್ನು ಹಾಕುತ್ತಾರೆ. ಬಿಲ್ ಹುಟ್ಟುವುದು ಆಗ ಮಾತ್ರ.

ಮಾರ್ಚ್ 31ಕ್ಕೆ 38 ಪ್ರತಿ ಹೋಗಿವೆ ಎಂದು ಪಟ್ಟಿ ಬಂತು. ಪ್ರಕಾಶಕರ ಆದಾಯ 11,400 ರೂಪಾಯಿ. ಅದರಲ್ಲಿ ಕಮಿಷನ್ 3,420 ಮತ್ತು ಮುದ್ರಣದ 4,560 ಕಳೆದರೆ 3,420 ಲಾಭ. ಅಂಗಡಿಗೆ ಬಂದ ಆದಾಯ ಕಮಿಷನ್ನಿನ 3,420 ಮಾತ್ರ, ಏಕೆಂದರೆ ಅದು ಮಾರಿದ್ದು ಬೇರೆಯವರ ಸರಕು. ಸಾಮಾನ್ಯ ಆರ್ಡರ್ ಹಾಕಿ ಕಳಿಸಿದ ದಿನವೇ ನೂರಕ್ಕೂ ಬಿಲ್ ಮಾಡಿದ್ದರೆ, ಮಾರಾಟವಾಗದ 62 ಪ್ರತಿಗಳ 18,600 ರೂಪಾಯಿ ಸುಳ್ಳು ಆದಾಯ ಆ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು. ಇಂಥ ತಪ್ಪು ಸಿಕ್ಕಿಬೀಳುವುದು ಏಪ್ರಿಲ್, ಮೇ ತಿಂಗಳಲ್ಲಿ: ಅಂಗಡಿಯಿಂದ ಬಾಕಿ ವಸೂಲಾಗುವುದಿಲ್ಲ, ಕ್ರೆಡಿಟ್ ನೋಟುಗಳು ಸಾಲುಗಟ್ಟುತ್ತವೆ.

ಭಾರತದ ಹಳೆಯ ಲೆಕ್ಕ ಮಾನದಂಡ ಎಎಸ್ 9 ಕೂಡ, ಕನ್ಸೈನ್‌ಮೆಂಟ್ ಸರಕು ಮೂರನೆಯವರಿಗೆ ಮಾರಾಟವಾಗುವವರೆಗೆ ಆದಾಯ ತೋರಿಸಬಾರದು ಎನ್ನುತ್ತದೆ. ದೊಡ್ಡ ಕಂಪನಿಗಳಿಗೆ 2018ರ ಏಪ್ರಿಲ್ 1ರಿಂದ ಅನ್ವಯವಾದ ಇಂಡ್ ಎಎಸ್ 115 ಕೇಳುವ ಪ್ರಶ್ನೆ ಒಂದೇ: ಸರಕಿನ ಮೇಲಿನ ಹಿಡಿತ ಯಾವಾಗ ಕೈ ಬದಲಾಯಿಸಿತು?

ಡ್ರಾಪ್ ಶಿಪ್‌ಮೆಂಟ್‌ನಲ್ಲಿ ಈ ಪ್ರಶ್ನೆ ಇನ್ನಷ್ಟು ಸಿಕ್ಕಾಗುತ್ತದೆ. ಕಲಬುರಗಿಯ ಕಾಲೇಜೊಂದು ಇದೇ ಪ್ರಕಾಶಕರಿಂದ 200 ನಿಘಂಟು ಕೇಳಿತು. ನಿಘಂಟು ಮೈಸೂರಿನ ಇನ್ನೊಬ್ಬರದ್ದು. 300 ರೂಪಾಯಿಗೆ ಕೊಂಡು 400ಕ್ಕೆ ಮಾರುವುದು, ಸರಕು ಮಾತ್ರ ಮೈಸೂರಿನಿಂದ ನೇರ ಕಲಬುರಗಿಗೆ. ಎಸ್‌ಎಪಿಯಲ್ಲಿ ಮಾರಾಟದ ಆರ್ಡರಿನ ಸಾಲಿಗೆ TAS ಎಂದು ಹಾಕಿದರೆ ಮೈಸೂರಿನವರಿಂದ ಕೊಳ್ಳುವ ಕೋರಿಕೆ ತಾನಾಗಿ ಹುಟ್ಟುತ್ತದೆ, ತಲುಪಿಸುವ ವಿಳಾಸ ಕಾಲೇಜಿನದ್ದು. ಬೆಂಗಳೂರಿನ ಗೋದಾಮಿನ ದಾಸ್ತಾನು ಒಂದು ಪ್ರತಿಯೂ ಏರುವುದಿಲ್ಲ.

ಹಾಗಾದರೆ ಕೈಗೇ ಸಿಗದ ಪುಸ್ತಕವನ್ನು ಇವರು ಮಾರಿದರೇ? ಒಪ್ಪಂದ ಓದಬೇಕು. ಪುಸ್ತಕ ಹರಿದು ಬಂದರೆ ಕಾಲೇಜಿಗೆ ಉತ್ತರ ಹೇಳುವವರು ಇವರೇ, ಬೆಲೆ ಕಟ್ಟಿದ್ದೂ ಇವರೇ, ಕಾಲೇಜು ಹಿಂದಿರುಗಿಸಿದ್ದನ್ನು ಇಟ್ಟುಕೊಳ್ಳಬೇಕಾದವರೂ ಇವರೇ ಆದರೆ, ಇವರೇ ಮಾರಾಟಗಾರರು. ಆದಾಯ 80,000 ರೂಪಾಯಿ. ಆ ಹೊಣೆಯೆಲ್ಲ ಮೈಸೂರಿನವರದ್ದಾದರೆ ಇವರು ಮಧ್ಯವರ್ತಿ. ಆದಾಯ 20,000 ಮಾತ್ರ. ಲಾಭ ಎರಡರಲ್ಲೂ ಒಂದೇ, ವಹಿವಾಟಿನ ಗಾತ್ರ ಮಾತ್ರ ನಾಲ್ಕು ಪಟ್ಟು ಬೇರೆ. ಬ್ಯಾಂಕಿನವರು ವಹಿವಾಟು ನೋಡಿ ಸಾಲದ ಮಿತಿ ಕಟ್ಟುವಾಗ ಈ ಅಂತರ ಸಣ್ಣದಲ್ಲ.

ದಿನಾಂಕದ ತೊಡಕು ತಂತ್ರಾಂಶದ ಒಳಗೇ ಇದೆ. TAS ಸಾಲಿನಲ್ಲಿ ಸಾಮಾನ್ಯವಾಗಿ ಸರಬರಾಜುದಾರರ ಬಿಲ್ ದಾಖಲಾದ ಮೇಲೆ ಗ್ರಾಹಕರ ಬಿಲ್ ಮಾಡಬಹುದು. ಮೈಸೂರಿನ ಬಿಲ್ ಮಾರ್ಚ್ 29ಕ್ಕೆ ಬಂತು, ಇವರ ಬಿಲ್ಲೂ ಅಂದೇ ಆಯಿತು, ಲಾರಿ ಕಲಬುರಗಿ ಸೇರಿದ್ದು ಏಪ್ರಿಲ್ 3ಕ್ಕೆ. ಕಾಲೇಜಿಗೆ ತಲುಪಿಸಿದ ಮೇಲೆಯೇ ಮಾರಾಟ ಎಂಬ ಷರತ್ತಿದ್ದರೆ ಆದಾಯ ಮುಂದಿನ ವರ್ಷದ್ದು. ಆದರೆ ಇಆರ್‌ಪಿ ಅದನ್ನು ಈ ವರ್ಷಕ್ಕೇ ಸೇರಿಸಿಬಿಟ್ಟಿದೆ. ದಾರಿಯಲ್ಲಿದ್ದ ಐದು ದಿನ ಅದಕ್ಕೆ ಕಾಣುವುದಿಲ್ಲ, ಏಕೆಂದರೆ ಸರಕು ಯಾವ ಗೋದಾಮನ್ನೂ ದಾಟಲಿಲ್ಲ.

ಇದಕ್ಕೆ ಲೆಕ್ಕದವರ ಮದ್ದು ಸರಳ. ಮಾರ್ಚ್ ಕೊನೆಯ ವಾರದ ಡ್ರಾಪ್ ಶಿಪ್‌ಮೆಂಟ್ ಬಿಲ್ಲುಗಳನ್ನೆಲ್ಲ ತೆಗೆದು, ಒಂದೊಂದರ ಪಕ್ಕದಲ್ಲೂ ಕಾಲೇಜಿನವರು ಸಹಿ ಹಾಕಿದ ರಸೀದಿಯ ದಿನಾಂಕ ಬರೆಯುತ್ತಾರೆ. ಏಪ್ರಿಲ್ ದಾಟಿದ್ದನ್ನು ತಿದ್ದುತ್ತಾರೆ. ಧಾರವಾಡದ ಕಪಾಟನ್ನೂ ಎಣಿಸುತ್ತಾರೆ. ಇಆರ್‌ಪಿಯಲ್ಲಿ 62 ಎಂದಿದ್ದು ಕಪಾಟಿನಲ್ಲಿ 55 ಸಿಕ್ಕರೆ, ಆ ಏಳು ಪ್ರತಿ ಮಾರಾಟವಾಗಿ ಪಟ್ಟಿಗೆ ಬಂದಿಲ್ಲ, ಇಲ್ಲವೇ ಕಳೆದುಹೋಗಿವೆ. ಮಾರಾಟವಾಗಿದ್ದರೆ ಆದಾಯ. ಕಳೆದಿದ್ದರೆ, ಅಂಗಡಿ ತುಂಬಿಕೊಡಬೇಕೆಂದು ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ, ನಷ್ಟ ಬೆಂಗಳೂರಿನದ್ದೇ. ಒಡೆಯರು ಅವರು ತಾನೆ.